ದೇವಸ್ಥಾನದಲ್ಲಿ ಚಪ್ಪಲಿ ಕಳೆದುಕೊಂಡ ಕನಸು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗದ ಕಡೆ ಜಾತ್ರೆಯ ದಿನಗಳು ಬಂತೆಂದರೆ ಆಪ್ತಸಮಾಲೋಚನೆಗೆ ಬರುವವರ ಬಾಯಲ್ಲಿ ಒಂದು ಕನಸು ಮತ್ತೆ ಮತ್ತೆ ಕೇಳಿಬರುತ್ತದೆ. ದೇವರ ದರ್ಶನ ಮುಗಿಸಿ ಹೊರಗೆ ಬಂದರೆ ಬಿಟ್ಟ ಜಾಗದಲ್ಲಿ ಚಪ್ಪಲಿ ಇರುವುದಿಲ್ಲ. ಈ ಕನಸಿನ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನೂ, ಅವಕ್ಕೆ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಈ ಕನಸು ಸಾಮಾನ್ಯವಾಗಿ ಹೇಗಿರುತ್ತದೆ?

ಹೇಳುವವರು ಬೇರೆಯಾದರೂ ಕನಸಿನ ನಡೆ ಬಹುಮಟ್ಟಿಗೆ ಒಂದೇ ಇರುತ್ತದೆ. ಕನಸಿನಲ್ಲಿ ಚಪ್ಪಲಿ ಬಿಡುವ ಗಳಿಗೆ ಹೆಚ್ಚಿನವರಿಗೆ ಕಾಣುವುದೇ ಇಲ್ಲ. ಒಳಗಿನ ಪೂಜೆಯೂ ಮಸುಕಾಗಿಯೇ ಇರುತ್ತದೆ. ಕನಸು ಸ್ಪಷ್ಟವಾಗುವುದು ಹೊರಗೆ ಬಂದ ಮೇಲೆ. ನೂರಾರು ಜೋಡಿಗಳ ರಾಶಿ, ಅದರಲ್ಲಿ ತನ್ನದನ್ನು ಹುಡುಕುತ್ತಾ ಬಗ್ಗಿದ ಬೆನ್ನು, ಕಾಲಲ್ಲೇ ಒಂದೊಂದನ್ನು ಸರಿಸಿ ನೋಡುವುದು, ತನ್ನದೇ ಇರಬೇಕೆಂದು ತಿರುಗಿಸಿದರೆ ಉಂಗುಷ್ಟದ ಬಣ್ಣ ಬೇರೆಯಿರುವುದು, ಜೊತೆಗೆ ಬಂದವರು ಆಗಲೇ ಬಸ್ಸಿನ ಹತ್ತಿರ ಹೋಗಿಬಿಟ್ಟಿರುವುದು. ಮದುವೆ ಛತ್ರ, ಸಾಮೂಹಿಕ ವಿವಾಹದ ಶಾಮಿಯಾನ, ಮಠದ ದಾಸೋಹದ ಸಾಲು ಇವೂ ಇಂಥ ಕನಸಿನ ಜಾಗಗಳೇ. ಕಳ್ಳನ ಮುಖ ಮಾತ್ರ ಯಾರಿಗೂ ಕಾಣುವುದಿಲ್ಲ. ಕದ್ದದ್ದು ಯಾರೆಂಬುದಕ್ಕೆ ಈ ಕನಸು ಗಮನವನ್ನೇ ಕೊಡುವುದಿಲ್ಲ, ಬರಿಗಾಲಲ್ಲಿ ನಿಂತವರ ಪಾಡಿನ ಮೇಲೆಯೇ ಅದರ ಗಮನವೆಲ್ಲ ಇರುತ್ತದೆ. ಮುಂದಿನ ಉತ್ತರಗಳಿಗೆಲ್ಲ ಇದೇ ಆಧಾರ.

ಇದು ಅಪಶಕುನವೇ? ಮನೆಯಲ್ಲಿ ಯಾರಿಗಾದರೂ ಕೇಡಾಗುತ್ತದೆಯೇ?

ಇಲ್ಲ. ಈ ಭಯ ಎಷ್ಟು ಆಳದ್ದೆಂದು ನನಗೆ ಗೊತ್ತು. ಗಂಡನಿಗೋ ಮಗನಿಗೋ ಏನೋ ಆಗಿಬಿಡುತ್ತದೆಂದು ಕನಸು ಕಂಡ ದಿನದಿಂದ ಊಟ ಬಿಟ್ಟ ತಾಯಂದಿರನ್ನು ಕಂಡಿದ್ದೇನೆ. ಅವರಿಗೆ ಸಮಾಧಾನದ ಮಾತಿಗಿಂತ ಪರಂಪರೆಯೊಳಗಿನ ಮಾತನ್ನೇ ಹೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆಯುರ್ವೇದದ ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಲಾಗಿದೆ. ಕಂಡದ್ದರಿಂದ ಹುಟ್ಟಿದ್ದು, ಕೇಳಿದ್ದರಿಂದ ಹುಟ್ಟಿದ್ದು, ಅನುಭವಿಸಿದ್ದರಿಂದ ಹುಟ್ಟಿದ್ದು, ಬಯಸಿದ್ದರಿಂದ ಹುಟ್ಟಿದ್ದು, ಕಲ್ಪಿಸಿಕೊಂಡದ್ದರಿಂದ ಹುಟ್ಟಿದ್ದು ಎಂಬ ಮೊದಲ ಐದಕ್ಕೆ ಯಾವ ಫಲವೂ ಇಲ್ಲವೆಂದು ಅಲ್ಲಿಯೇ ಹೇಳಿದೆ. ಮುಂದಾಗುವುದನ್ನು ಸೂಚಿಸುವ ಭಾವಿಕ ಮತ್ತು ದೇಹದ ದೋಷದಿಂದ ಹುಟ್ಟುವ ದೋಷಜ ಎಂಬ ಎರಡು ಬಗೆಗಳಿಗೆ ಮಾತ್ರ ಫಲವನ್ನು ಒಪ್ಪಲಾಗಿದೆ. ಈಗ ನಮ್ಮ ಕನಸನ್ನು ಈ ವಿಂಗಡಣೆಯಲ್ಲಿ ಇಟ್ಟು ನೋಡಿ. ಗುಡಿಯ ಮುಂದೆ ಚಪ್ಪಲಿ ಬಿಡದವರು ನಮ್ಮಲ್ಲಿ ಯಾರಿದ್ದಾರೆ? ಒಮ್ಮೆಯಾದರೂ ಕಳೆದುಕೊಳ್ಳದವರು, ಕಡೇ ಪಕ್ಷ ಕಳೆದುಕೊಂಡವರ ಗೋಳು ಕೇಳದವರು ಎಷ್ಟು ಜನ? ಕಂಡದ್ದು, ಕೇಳಿದ್ದು, ಅನುಭವಿಸಿದ್ದು ಮೂರೂ ಇಲ್ಲಿ ಕೂಡಿಬಂದಿವೆ. ಶಾಸ್ತ್ರವನ್ನು ನಂಬುವವರಿಗೆ ಆ ಶಾಸ್ತ್ರದ ಲೆಕ್ಕದಲ್ಲಿಯೇ ಇದು ಫಲವಿಲ್ಲದ ಕನಸು.

ಶನಿವಾರ ಗುಡಿಯಲ್ಲಿ ಚಪ್ಪಲಿ ಹೋದರೆ ಶನಿಕಾಟ ಕಳೆಯಿತು ಎನ್ನುತ್ತಾರಲ್ಲ, ಕನಸಿಗೂ ಅದು ಅನ್ವಯಿಸುತ್ತದೆಯೇ?

ಆ ಮಾತು ಎಚ್ಚರದಲ್ಲಿ ಚಪ್ಪಲಿ ಕಳೆದುಕೊಂಡವರಿಗಾಗಿ ಹುಟ್ಟಿದ್ದು. ಶನಿಯ ವಾಸ ಪಾದದಲ್ಲಿ ಎಂಬ ನಂಬಿಕೆಯಿಂದ ಅದು ಬಂದಿದೆ, ಮತ್ತು ಬರಿಗಾಲಲ್ಲಿ ಮನೆಗೆ ಬಂದವರ ಮುಜುಗರವನ್ನು ಅದು ಒಂದೇ ಮಾತಿನಲ್ಲಿ ಹಗುರ ಮಾಡುತ್ತದೆ. ಕನಸಿಗೂ ಅದನ್ನೇ ಹಚ್ಚಿಕೊಂಡು ನಿಮಗೆ ಸಮಾಧಾನವಾದರೆ ನಾನು ತಕರಾರು ಮಾಡುವುದಿಲ್ಲ. ಆದರೆ ಕನಸಿನ ಪರಿಹಾರಕ್ಕೆಂದು ಹೊಸ ಚಪ್ಪಲಿಯನ್ನು ಗುಡಿಯ ಮುಂದೆ ಬಿಟ್ಟುಬರಲು, ಸಾಲ ಮಾಡಿ ಶಾಂತಿ ಮಾಡಿಸಲು ಯಾರಾದರೂ ಹೇಳಿದರೆ ಅದಕ್ಕೆ ಒಪ್ಪಬೇಡಿ.

ಇನ್ನೂರು ಮುನ್ನೂರು ರೂಪಾಯಿಯ ಚಪ್ಪಲಿ ಹೋದದ್ದಕ್ಕೆ ಕನಸಿನಲ್ಲಿ ಅಷ್ಟೇಕೆ ಅಳು ಬರುತ್ತದೆ?

ನನ್ನ ಮಟ್ಟಿಗೆ ಎಲ್ಲ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಇದೇ. ಕನಸಿನಲ್ಲಿ ಹಣದ ಚೀಲ ಕಳೆದುಹೋದರೆ ಆಗುವ ಗಾಬರಿ ಬೇರೆ, ಚಪ್ಪಲಿ ಕಳೆದಾಗಿನ ಅಳುಕು ಬೇರೆ. ಚೀಲವನ್ನು ನಾವು ಎದೆಗೆ ಅವಚಿಕೊಂಡಿರುತ್ತೇವೆ, ಅದನ್ನು ಕಳೆದುಕೊಳ್ಳುವುದೆಂದರೆ ಯಾರೋ ಕಿತ್ತುಕೊಳ್ಳುವುದು. ಚಪ್ಪಲಿಯನ್ನಾದರೋ ನಾವೇ, ನಮ್ಮ ಕೈಯಾರೆ, ಯಾರ ಕಾವಲೂ ಇಲ್ಲದ ಕಡೆ ಬಿಟ್ಟು ಒಳಗೆ ಹೋಗಿರುತ್ತೇವೆ. ಹಾಗೆ ಬಿಡದೆ ಒಳಗೆ ಪ್ರವೇಶವೇ ಇಲ್ಲ. ನಂಬಿಕೆಯ ಜಾಗಕ್ಕೆ ಹೋಗಲು ರಕ್ಷಣೆಯನ್ನು ಬಾಗಿಲಲ್ಲಿಯೇ ಕಳಚಿಡಬೇಕಾದ ಕರಾರು ಅದು. ನಾವು ಕೈಮುಗಿದು ಕಣ್ಣುಮುಚ್ಚಿ ನಿಂತ ಹೊತ್ತಿನಲ್ಲಿಯೇ ಹೊರಗೆ ಆ ನಂಬಿಕೆ ಮುರಿದುಬಿದ್ದಿರುತ್ತದೆ.

ಹೀಗಾಗಿ ಕನಸಿನ ನೋವಿನಲ್ಲಿ ಎರಡು ಎಳೆಗಳಿರುತ್ತವೆ. ಮೊದಲನೆಯದು, ನಾನು ನಂಬಿ ಬಿಟ್ಟದ್ದು ಅಲ್ಲಿರಲಿಲ್ಲ ಎಂಬುದು. ಎರಡನೆಯದು ಇನ್ನೂ ಸೂಕ್ಷ್ಮ. ನೆರವು ಕೇಳಲು ನಾಚಿಕೆಯಾಗುವಷ್ಟು ಸಣ್ಣ ನಷ್ಟ ಇದು. ಮನೆಗೆ ಬೆಂಕಿ ಬಿದ್ದರೆ ಕೂಗಿ ಕರೆಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಜಾತ್ರೆಯ ಜಂಗುಳಿಯಲ್ಲಿ ನಿಂತು ‘ನನ್ನ ಚಪ್ಪಲಿ ಹೋಯಿತು, ಬಿಸಿಲಿಗೆ ಕಾಲು ಸುಡುತ್ತಿದೆ’ ಎಂದು ಯಾರಿಗೆ ಹೇಳುವುದು? ಹೇಳಿದರೂ ‘ನೋಡ್ಕೊಂಡು ಬಿಡೋದಲ್ವಾ’ ಎಂಬ ಮಾತು ತಕ್ಷಣ ಬರುತ್ತದೆ, ಕಳೆದುಕೊಂಡವರೇ ತಪ್ಪಿತಸ್ಥರಾಗುತ್ತಾರೆ. ತಮ್ಮ ಬದುಕಿನಲ್ಲಿ ಇಂಥದೇ ಯಾವುದೋ ಸಣ್ಣದೆನ್ನಿಸುವ, ಆದರೆ ಸುಡುತ್ತಿರುವ ಕಷ್ಟವನ್ನು ಹೇಳಿಕೊಳ್ಳಲಾರದೆ ಇಟ್ಟುಕೊಂಡವರಿಗೆ ಈ ಕನಸು ಹೆಚ್ಚಾಗಿ ಬೀಳುವುದನ್ನು ನಾನು ಗಮನಿಸಿದ್ದೇನೆ.

ಸುತ್ತ ಅಷ್ಟು ಜನರಿದ್ದರೂ ಕನಸಿನಲ್ಲಿ ಯಾರೂ ನನ್ನನ್ನು ನೋಡುವುದಿಲ್ಲ. ಹಾಗೇಕೆ?

ಬಟ್ಟೆಯಿಲ್ಲದೆ ಜನರ ನಡುವೆ ನಿಂತಂತೆ ಬೀಳುವ ಕನಸುಗಳ ಬಗ್ಗೆ ಬರೆಯುತ್ತಾ ಸಿಗ್ಮಂಡ್ ಫ್ರಾಯ್ಡ್ ಇದೇ ವಿಚಿತ್ರವನ್ನು ಗುರುತಿಸಿದ್ದ. ಕನಸು ಕಾಣುವವನಿಗೆ ನಾಚಿಕೆಯಿಂದ ಪ್ರಾಣ ಹೋಗುತ್ತಿರುತ್ತದೆ, ನೋಡುವವರಿಗೋ ಅದರ ಪರಿವೆಯೇ ಇರುವುದಿಲ್ಲ. ಅದಕ್ಕೆ ಅವನು ಕೊಟ್ಟ ವಿವರಣೆಯನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಅವನ ಗಮನಿಕೆ ಸರಿಯಾಗಿದೆ. ಚಪ್ಪಲಿಯ ಕನಸಿನಲ್ಲಿ ಜನ ನೋಡದೆ ಹೋಗುವುದಕ್ಕೂ, ಎಲ್ಲರೂ ಕಾಲನ್ನೇ ನೋಡುವುದಕ್ಕೂ ವ್ಯತ್ಯಾಸವಿದೆ. ಯಾರೂ ನೋಡದ ಕನಸಿನಲ್ಲಿ ಒಂಟಿತನದ ಪಾಲು ಹೆಚ್ಚು, ಎಲ್ಲರೂ ನೋಡುವ ಕನಸಿನಲ್ಲಿ ಮಾನದ ಅಂಜಿಕೆ ಹೆಚ್ಚು. ನಿಮ್ಮದು ಯಾವುದೆಂದು ನಿಮಗೇ ಗೊತ್ತಾಗುತ್ತದೆ.

ನನ್ನ ಕನಸನ್ನು ನಾನೇ ಬಿಡಿಸಿಕೊಳ್ಳಬಹುದೇ?

ಬಿಡಿಸಿಕೊಳ್ಳಬಹುದು. ಚಪ್ಪಲಿ ಎಂದರೆ ಇದು, ಗುಡಿ ಎಂದರೆ ಅದು ಎಂದು ಪಟ್ಟಿ ಕೊಡುವ ಕನಸಿನ ಪುಸ್ತಕಗಳನ್ನು ಮೊದಲು ಬದಿಗಿಡಿ. ಎದ್ದ ಕೂಡಲೇ, ಮುಖ ತೊಳೆಯುವ ಮೊದಲು, ಕನಸನ್ನು ಕಂಡ ಹಾಗೆಯೇ ಬರೆದಿಟ್ಟುಕೊಳ್ಳಿ ಅಥವಾ ಮೊಬೈಲಿನಲ್ಲಿ ಹೇಳಿ ಇಟ್ಟುಕೊಳ್ಳಿ, ಏಕೆಂದರೆ ಕೆಲವೇ ನಿಮಿಷಗಳಲ್ಲಿ ಅದರ ಬಹುಭಾಗ ಮರೆತುಹೋಗುತ್ತದೆ. ಆಮೇಲೆ ಮೂರೇ ಸಂಗತಿಗಳನ್ನು ಕೇಳಿಕೊಳ್ಳಿ. ಕಳೆದದ್ದು ಯಾವ ಚಪ್ಪಲಿ, ಅದು ನಿಮ್ಮ ಕಾಲಿಗೆ ಬಂದದ್ದು ಯಾರಿಂದ? ಕಾಲ ಕೆಳಗಿನ ನೆಲ ಹೇಗಿತ್ತು? ಯಾರನ್ನು ಕೇಳಬೇಕೆಂದುಕೊಂಡಿರಿ, ಏಕೆ ಕೇಳಲಿಲ್ಲ?

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಾವಣಗೆರೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ, ಐವತ್ತು ದಾಟಿದ ಒಬ್ಬರು ಬಂದಿದ್ದರು. ಅವರ ಕನಸು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನದು. ಹೊರಮಠದಿಂದ ಹೊರಗೆ ಬರುತ್ತಾರೆ, ಚಪ್ಪಲಿ ಇಲ್ಲ. ಹರಕೆಯ ಒಣಕೊಬ್ಬರಿ ಸುಡುವ ಬೆಂಕಿ ಹತ್ತಿರದಲ್ಲೇ ಉರಿಯುತ್ತಿದೆ, ನೆಲವೆಲ್ಲ ಎಣ್ಣೆ ಬೂದಿ ಕಲಸಿ ಜಾರುತ್ತಿದೆ, ಜೊತೆಗೆ ಸುಡುತ್ತಲೂ ಇದೆ. ಹೆಂಡತಿ ತುಸು ದೂರದಲ್ಲಿ ಮಂಡಕ್ಕಿ ಬೆಂಡು ಬತ್ತಾಸು ಕೊಳ್ಳುತ್ತಾ ನಿಂತಿದ್ದಾಳೆ. ಕರೆದರೆ ಕೇಳಿಸುವಷ್ಟು ಹತ್ತಿರ, ಆದರೆ ಇವರು ಕರೆಯುವುದಿಲ್ಲ. ಅಷ್ಟರಲ್ಲಿ ಹೆಂಡತಿಯ ತಮ್ಮ ಎದುರಾಗಿ ‘ಏನ್ ಭಾವ, ಎಲ್ಲಿ ಬಿಟ್ಟಿದ್ರಿ?’ ಎಂದು ಕೇಳುತ್ತಾನೆ. ಇವರು ಪಂಚೆಯನ್ನು ಇಳಿಬಿಟ್ಟು ಪಾದ ಮುಚ್ಚಿಕೊಳ್ಳುತ್ತಾರೆ. ಅಲ್ಲಿಗೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತಿರುತ್ತದೆ.

ಅವರು ಬಂದದ್ದು ತೇರಿಗೆ ಹರಕೆ ತಪ್ಪಿತೇ ಎಂಬ ಚಿಂತೆಯಿಂದ. ನಾವು ಮೂರು ಸಂಗತಿಗಳನ್ನು ಒಂದೊಂದಾಗಿ ನೋಡಿದೆವು. ಚಪ್ಪಲಿ ಮಗಳು ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ ಚರ್ಮದ ಜೋಡು, ‘ಅಪ್ಪಾಜಿ, ಇದನ್ನ ದಿನಾ ಹಾಕ್ಕೋಬೇಕು’ ಎಂದು ಹೇಳಿ ಕೊಟ್ಟದ್ದು. ನೆಲದ ವಿಷಯ ಕೇಳಿದಾಗ ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ: ನಿಂತರೆ ಸುಡುತ್ತದೆ, ನಡೆದರೆ ಜಾರುತ್ತದೆ. ಈ ದಿನಗಳಲ್ಲಿ ನಿಂತರೂ ಕಷ್ಟ ನಡೆದರೂ ಕಷ್ಟ ಎನ್ನುವಂಥದ್ದು ಏನಾದರೂ ಇದೆಯೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಜೊತೆಗೆ ಕೆಲಸ ಮಾಡುವವನೊಬ್ಬನ ಸೊಸೈಟಿ ಸಾಲಕ್ಕೆ ತಾವು ಜಾಮೀನು ಹಾಕಿರುವುದಾಗಿಯೂ, ಅವನು ಕಂತು ಕಟ್ಟದೆ ತಮ್ಮ ಹೆಸರಿಗೂ ನೋಟಿಸು ಬಂದಿರುವುದಾಗಿಯೂ, ಮನೆಯಲ್ಲಿ ಯಾರಿಗೂ ತಿಳಿಸದೆ ಅದನ್ನು ಅಂಗಡಿಯ ಖಾತೆ ಪುಸ್ತಕದೊಳಗೆ ಮಡಚಿಟ್ಟಿರುವುದಾಗಿಯೂ ಹೇಳಿದರು.

ಹಣದ ಚಿಂತೆಯೇ ಕನಸಿಗೆ ಕಾರಣವೆಂದು ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಮೂರನೆಯ ಪ್ರಶ್ನೆ ಇನ್ನೂ ಬಾಕಿಯಿತ್ತು. ಕರೆದರೆ ಕೇಳಿಸುವ ಹತ್ತಿರದಲ್ಲಿದ್ದ ಹೆಂಡತಿಯನ್ನು ಕರೆಯದ್ದೇಕೆ? ‘ಯಾರನ್ನೋ ನಂಬಿ ಬಿಟ್ಟೆ ಅಂತ ಹೇಳಬೇಕಾಗುತ್ತಲ್ಲ’ ಎಂದರು. ಚಪ್ಪಲಿಗೂ ಜಾಮೀನಿಗೂ ಅದೇ ಒಂದು ಮಾತು ಹೊಂದಿಕೆಯಾಗುತ್ತಿತ್ತು. ಅವರನ್ನು ಕಾಡುತ್ತಿದ್ದುದು ಹೋಗಬಹುದಾದ ಹಣಕ್ಕಿಂತ ‘ಎಲ್ಲಿ ಬಿಟ್ಟಿದ್ರಿ’ ಎಂಬ ಪ್ರಶ್ನೆ. ಲೆಕ್ಕದಲ್ಲಿ ಬಿಗಿ ಎಂದು ಹೆಸರಾದ ಮನುಷ್ಯ ತಾನೇ ಮೋಸಹೋದೆನೆಂದು ಹೆಂಡತಿ ಮಕ್ಕಳ ಮುಂದೆ ಒಪ್ಪಿಕೊಳ್ಳಬೇಕಾದ ಸ್ಥಿತಿ ಅದು.

ಅವರು ಮನೆಯಲ್ಲಿ ಹೇಳಿದರು. ಹೆಂಡತಿ ಎರಡು ದಿನ ಮಾತು ಬಿಟ್ಟರು, ಆಮೇಲೆ ನೋಟಿಸು ಹಿಡಿದುಕೊಂಡು ವಕೀಲರ ಹತ್ತಿರ ಅವರೇ ಕರೆದುಕೊಂಡು ಹೋದರು. ಸಾಲದ ವ್ಯವಹಾರ ಅಷ್ಟು ಬೇಗ ಮುಗಿಯುವಂಥದ್ದಾಗಿರಲಿಲ್ಲ. ಕನಸೂ ಮತ್ತೊಮ್ಮೆ ಬಿತ್ತು, ಆದರೆ ಆಗ ಎದೆ ಹೊಡೆದುಕೊಳ್ಳಲಿಲ್ಲ ಎಂದು ತಿಳಿಸಿದರು.

ಒಂದೇ ಚಪ್ಪಲಿ ಸಿಕ್ಕಂತೆ ಅಥವಾ ಬೇರೆಯವರದನ್ನು ಹಾಕಿಕೊಂಡು ಬಂದಂತೆ ಕಂಡರೆ?

ಒಂಟಿ ಚಪ್ಪಲಿ ಸಿಕ್ಕ ಕನಸಿನಲ್ಲಿ ಜನರಿಗೆ ಹೆಚ್ಚು ಸಂಕಟವಾಗುವುದನ್ನು ಕಂಡಿದ್ದೇನೆ, ಏಕೆಂದರೆ ಅದನ್ನು ಹಾಕಿಕೊಳ್ಳಲೂ ಆಗದು, ಎಸೆಯಲೂ ಮನಸ್ಸು ಬಾರದು. ಅರ್ಧಕ್ಕೆ ನಿಂತ ಮಾತುಕತೆ, ಮುರಿಯಲೂ ಆಗದೆ ಕೂಡಲೂ ಆಗದೆ ಉಳಿದ ಸಂಬಂಧ ಇವುಗಳ ಕಡೆ ಒಮ್ಮೆ ನೋಡಿ.

ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದ ಕನಸಿನಲ್ಲಿ ಅಳುಕು ತಪ್ಪಿತಸ್ಥ ಭಾವಕ್ಕೆ ತಿರುಗಿರುತ್ತದೆ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯ ಜವಾಬ್ದಾರಿ ಹೊತ್ತ ಸೊಸೆ, ತೀರಿಹೋದ ತಂದೆಯ ಕೆಲಸವನ್ನೇ ಅನುಕಂಪದ ಆಧಾರದಲ್ಲಿ ಪಡೆದ ಮಗ ಇಂಥವರು ಇದನ್ನು ಹೇಳಿದ್ದುಂಟು. ಕಾಲಿಗೆ ಅದು ದೊಡ್ಡದಾಗಿತ್ತೋ ಬಿಗಿಯಾಗಿತ್ತೋ ಎಂಬುದನ್ನು ನೆನಪಿಸಿಕೊಳ್ಳುವುದು ಉಪಯುಕ್ತ.

ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವಾಗ ಇಲ್ಲದ ಭಯ ಕನಸಿನ ಬರಿಗಾಲಿಗೆ ಎಲ್ಲಿಂದ ಬಂತು?

ದಾವಣಗೆರೆಯಿಂದ ಕೊಟ್ಟೂರಿಗೆ ಗುರುಬಸವೇಶ್ವರನ ರಥೋತ್ಸವಕ್ಕೆ ಪಾದಯಾತ್ರೆ ಹೋಗುವವರಲ್ಲಿ ಬರಿಗಾಲಲ್ಲೇ ನಡೆಯುವವರಿದ್ದಾರೆ. ಅಂಗಾಲಲ್ಲಿ ಬೊಬ್ಬೆ ಎದ್ದಿರುತ್ತದೆ, ದಾರಿಯ ಊರಿನವರು ಬಿಸಿನೀರು ಕೊಟ್ಟು, ಕಾಲಿಗೆ ಎಣ್ಣೆ ಹಚ್ಚಿ, ಪ್ರಸಾದ ನೀಡಿ ಕಳಿಸುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದವರೂ ವ್ರತದ ದಿನಗಳನ್ನೆಲ್ಲ ಬರಿಗಾಲಲ್ಲೇ ಕಳೆಯುತ್ತಾರೆ. ಅವರ ಬರಿಗಾಲನ್ನು ಯಾರೂ ಬಡತನವೆಂದೋ ಮರೆಗುಳಿತನವೆಂದೋ ತಿಳಿಯುವುದಿಲ್ಲ. ಆ ಬರಿಗಾಲು ಅವರೇ ಆರಿಸಿಕೊಂಡದ್ದು, ಅದಕ್ಕೊಂದು ಕೊನೆಯ ದಿನವಿದೆ, ಜೊತೆಗೆ ನಡೆಯುವವರಿದ್ದಾರೆ. ಕನಸಿನ ಬರಿಗಾಲಿಗೆ ಈ ಮೂರೂ ಇಲ್ಲ.

ಇದರಿಂದ ಒಂದು ಸೂಚನೆ ಸಿಗುತ್ತದೆ. ಬದುಕಿನ ಕಷ್ಟವನ್ನು ಪೂರ್ತಿ ನಿವಾರಿಸಲು ಆಗದಿದ್ದರೂ, ಈ ಮೂರರಲ್ಲಿ ಒಂದನ್ನು ಅದಕ್ಕೆ ಸೇರಿಸಲು ಸಾಧ್ಯವೇ ಎಂದು ನೋಡಬಹುದು. ಮೇಲಿನ ಉದಾಹರಣೆಯಲ್ಲಿ ಸಾಲ ಹಾಗೆಯೇ ಇದ್ದರೂ ಜೊತೆಗೆ ನಡೆಯುವವರೊಬ್ಬರು ಸಿಕ್ಕಿದ್ದರು.

ಈ ಕನಸಿನ ಅರ್ಥ ಎಲ್ಲರಿಗೂ ಒಂದೇ ಆಗಿರುತ್ತದೆಯೇ?

ಆಗಿರಲು ಸಾಧ್ಯವಿಲ್ಲ, ಮತ್ತು ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮೇಲ್ಜಾತಿಯವರ ಕೇರಿಯಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಅಜ್ಜಂದಿರ ಕಥೆಯನ್ನು ಕೇಳಿಕೊಂಡು ಬೆಳೆದವರು ನಮ್ಮ ಜಿಲ್ಲೆಗಳಲ್ಲಿದ್ದಾರೆ. ಗುಡಿಯ ಹೊರಗೇ ನಿಂತು ಕೈಮುಗಿಯಬೇಕಾಗಿದ್ದ ಮನೆತನದವರಿದ್ದಾರೆ. ಅವರಿಗೆ ಚಪ್ಪಲಿ ಮೆಟ್ಟಿ ಊರೊಳಗೆ ನಡೆಯುವುದೇ ಗಳಿಸಿಕೊಂಡ ಮಾನ. ಅಂಥ ಮನೆಯ ಹುಡುಗಿಯೊಬ್ಬಳಿಗೆ ಸನ್ಮಾನ ಸಮಾರಂಭದ ಜನಜಂಗುಳಿಯಲ್ಲಿ ಬರಿಗಾಲಲ್ಲಿ ನಿಂತ ಕನಸು ಬಿದ್ದರೆ ಅದು ಅವಳೊಬ್ಬಳದೇ ಅಳುಕಾಗಿರದೆ, ಹಿರಿಯರ ಅನುಭವವೂ ಅದರಲ್ಲಿ ಸೇರಿರಬಹುದು. ಕೇಳುವವರು ‘ಬರೀ ಚಪ್ಪಲಿ ತಾನೆ’ ಎಂದು ಬಾಯಿಮುಚ್ಚಿಸಿದರೆ ಅದು ಅವಳಿಗೆ ಮಾಡುವ ಅನ್ಯಾಯ.

ಶರಣ ಪರಂಪರೆ ಈ ನಾಡಿನವರಿಗೆ ಹತ್ತಿರದ್ದು, ಹರಳಯ್ಯನ ಕಥೆ ಮಕ್ಕಳಿಗೂ ಗೊತ್ತು. ತನ್ನ ‘ಶರಣು’ ಎಂಬ ಮಾತಿಗೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದು ಒಂದು ಶರಣನ್ನು ಹೆಚ್ಚಾಗಿ ಕೊಟ್ಟದ್ದನ್ನು ತೀರಿಸಲಾರದ ಋಣವೆಂದು ಬಗೆದು, ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರು. ಬಸವಣ್ಣ ಅವನ್ನು ಮೆಟ್ಟಲಾರದೆ ತಲೆಯ ಮೇಲೆ ಹೊತ್ತನೆಂದು ಕಥೆ ಹೇಳುತ್ತದೆ. ಪಾದರಕ್ಷೆ ಹೊಲಸು, ಕೀಳು ಎಂಬ ಎಣಿಕೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲುಗಿಸಿದ ಕಥೆಯಿದು. ಗುಡಿಯ ಮುಂದೆ ಚಪ್ಪಲಿಯ ಕನಸು ಕಂಡದ್ದೇ ಮೈಲಿಗೆಯಾಯಿತೆಂದು ನೊಂದುಕೊಳ್ಳುವವರಿಗೆ ನಾನು ಇದನ್ನು ನೆನಪಿಸುತ್ತೇನೆ.

ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಎನ್ನುತ್ತಾರೆ. ನನಗೆ ಯಾವಾಗಲೂ ಆ ಹೊತ್ತಿಗೇ ಬೀಳುತ್ತದೆ.

ಬಹುಪಾಲು ಜನರಿಗೆ ನೆನಪಿರುವ ಕನಸುಗಳೆಲ್ಲ ಆ ಹೊತ್ತಿನವೇ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ವೇಗವಾಗಿ ಚಲಿಸುವ ನಿದ್ರೆಯ ಹಂತವೊಂದಿದೆ. 1953ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅದನ್ನು ವರದಿ ಮಾಡಿದರು. ಸ್ಪಷ್ಟವಾದ, ಕಥೆಯಂಥ ಕನಸುಗಳು ಹೆಚ್ಚಾಗಿ ಆ ಹಂತದಲ್ಲಿ ಬೀಳುತ್ತವೆ. ಸುಮಾರು 90 ನಿಮಿಷಕ್ಕೊಮ್ಮೆ ಮರಳುವ ಆ ಹಂತ ರಾತ್ರಿಯ ಮೊದಲ ಭಾಗದಲ್ಲಿ ಚಿಕ್ಕದು, ಬೆಳಗಾಗುತ್ತಾ ಬಂದಂತೆ ದೀರ್ಘವಾಗುತ್ತದೆ. ಅದರ ನಡುವೆಯೇ ಎಚ್ಚರವಾಗುವುದರಿಂದ ಕನಸು ಹಸಿಯಾಗಿ ನೆನಪಿರುತ್ತದೆ. ಜಾವದ ಕನಸಿಗೆ ತೂಕ ಬಂದಿರುವುದು ಹೀಗೆ, ಭವಿಷ್ಯ ತಿಳಿಯುವ ಶಕ್ತಿಯಿಂದಲ್ಲ.

ದೇಹದ ಕಾರಣವೇನಾದರೂ ಇರಬಹುದೇ?

ಇರಬಹುದು. ಮಲಗಿದವರ ಮೈಮೇಲೆ ನೀರು ಚಿಮುಕಿಸಿ ಎಬ್ಬಿಸಿದರೆ ಎಷ್ಟೋ ಸಲ ಆ ನೀರು ಮಳೆಯಾಗಿಯೋ ಸೋರುವ ಮಾಳಿಗೆಯಾಗಿಯೋ ಕನಸಿನೊಳಗೆ ಬಂದಿರುತ್ತದೆ ಎಂಬುದನ್ನು ಡೆಮೆಂಟ್ ಮತ್ತು ವೋಲ್ಪರ್ಟ್ 1958ರಲ್ಲಿ ತೋರಿಸಿದರು. ಚಳಿಗಾಲದಲ್ಲಿ ರಗ್ಗಿನಿಂದ ಹೊರಗೆ ಬಂದ ಪಾದವೂ ಹಾಗೆಯೇ ಕನಸನ್ನು ಸೇರಬಹುದು. ಸಕ್ಕರೆ ಕಾಯಿಲೆಯವರು ಇದನ್ನು ಉಪೇಕ್ಷಿಸಬಾರದು. ರಾತ್ರಿ ಅಂಗಾಲು ಉರಿಯುವುದು, ಜೋಮು ಹಿಡಿದಂತಾಗುವುದು, ಹಗಲಿನಲ್ಲಿ ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯದಿರುವುದು ನರಗಳ ತೊಂದರೆಯ ಲಕ್ಷಣಗಳು. ಅಂಥವರು ಕನಸಿನ ಅರ್ಥ ಹುಡುಕುವ ಮೊದಲು ಪಾದವನ್ನು ವೈದ್ಯರಿಗೆ ತೋರಿಸಬೇಕು, ಬಿಸಿಲಿನ ಗುಡಿಯಂಗಳದಲ್ಲಿ ಬರಿಗಾಲಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು. ರಕ್ತದೊತ್ತಡಕ್ಕೋ ಕೈನಡುಕಕ್ಕೋ ಕೊಡುವ ಪ್ರೊಪ್ರನಲಾಲ್‌ನಂಥ ಮಾತ್ರೆಗಳಿಂದಲೂ ಕೆಲವರಿಗೆ ಗಾಢವಾದ ಕನಸುಗಳು ಬೀಳುತ್ತವೆ. ಮಾತ್ರೆ ಶುರುವಾದ ಮೇಲೆ ಕನಸು ಶುರುವಾಗಿದ್ದರೆ ಬರೆದುಕೊಟ್ಟ ವೈದ್ಯರಿಗೆ ಹೇಳಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮತ್ತೆ ಮತ್ತೆ ಬೀಳುತ್ತಿದೆ, ನಿದ್ದೆಗೆ ಹೋಗಲೇ ಭಯವಾಗುತ್ತದೆ. ಏನು ಮಾಡಲಿ?

ದುಃಸ್ವಪ್ನಗಳಿಗೆ ಮನೋವೈದ್ಯರು ಬಳಸುವ ಒಂದು ವಿಧಾನವನ್ನು ಸೌಮ್ಯವಾದ ಕನಸುಗಳಿಗೆ ಮನೆಯಲ್ಲಿಯೂ ಮಾಡಿನೋಡಬಹುದು. ಹಗಲು ಹೊತ್ತಿನಲ್ಲಿ, ಪೂರ್ತಿ ಎಚ್ಚರವಿರುವಾಗ, ಕನಸನ್ನು ಬರೆಯಿರಿ. ಆಮೇಲೆ ಅದನ್ನು ನಿಮಗೆ ಬೇಕಾದಂತೆ ಬದಲಿಸಿ ಇನ್ನೊಮ್ಮೆ ಬರೆಯಿರಿ. ಹೊಸ ಕನಸನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಕಣ್ಣುಮುಚ್ಚಿ ಮನಸ್ಸಿನಲ್ಲಿ ನಡೆಸಿ, ಹಳೆಯ ಕನಸನ್ನು ಮೆಲುಕು ಹಾಕಬೇಡಿ. ಕೆಲವು ವಾರ ಬಿಡದೆ ಮಾಡಿದರೆ ಅನೇಕರಿಗೆ ಕನಸಿನ ಕಾಟ ಕಡಿಮೆಯಾಗುತ್ತದೆ.

ಬದಲಿಸುವಾಗ ಜನ ಸಾಮಾನ್ಯವಾಗಿ ‘ಚಪ್ಪಲಿ ಸಿಕ್ಕಿತು’ ಎಂದು ಬರೆಯುತ್ತಾರೆ. ಅದರಲ್ಲಿ ತಪ್ಪಿಲ್ಲ, ಆದರೆ ನನ್ನ ಅನುಭವದಲ್ಲಿ ಬದಲಿಸಬೇಕಾದದ್ದು ಕೇಳಲಾರದೆ ನಿಂತ ಗಳಿಗೆಯನ್ನು. ದಾವಣಗೆರೆಯ ದುರ್ಗಾಂಬಿಕಾ ಜಾತ್ರೆಯ ಕನಸು ಕಾಣುತ್ತಿದ್ದ ಗೃಹಿಣಿಯೊಬ್ಬರು ಹೀಗೆ ಬರೆದರು: ಚಪ್ಪಲಿ ಇಲ್ಲ. ನಾನು ಹಣ್ಣುಕಾಯಿ ಮಾರುವ ಅಮ್ಮನ ಹತ್ತಿರ ಹೋಗಿ, ಅಮ್ಮಾ ನನ್ನ ಚಪ್ಪಲಿ ಹೋಗಿವೆ, ಸ್ವಲ್ಪ ಹೊತ್ತು ಇಲ್ಲಿ ನೆರಳಲ್ಲಿ ಕೂತ್ಕೊಳ್ಳಲಾ ಅಂತ ಕೇಳಿದೆ. ಕೂತ್ಕೋ ಬಾರವ್ವ ಅಂತ ಗೋಣಿಚೀಲ ಹಾಸಿದಳು. ಕನಸಿನಲ್ಲಿ ಚಪ್ಪಲಿ ಸಿಗಲೇ ಇಲ್ಲ, ಹಾಗಿದ್ದರೂ ಅವರಿಗೆ ಅದರ ಭಯ ಇಳಿಯಿತು.

ವಾರದಲ್ಲಿ ಹಲವು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಹಗಲಿನಲ್ಲಿಯೂ ಜನರ ಗುಂಪಿಗೆ ಹೋಗಲಾರದಂತಾಗಿದ್ದರೆ, ಅಥವಾ ಜಾತ್ರೆಯಲ್ಲೋ ಸಭೆಯಲ್ಲೋ ನಿಜವಾಗಿ ನಡೆದ ನೂಕುನುಗ್ಗಲು, ಕೆಟ್ಟ ಸ್ಪರ್ಶ, ಅವಮಾನ ಕನಸಿನಲ್ಲಿ ಮರುಕಳಿಸುತ್ತಿದ್ದರೆ ಒಬ್ಬರೇ ಕೂತು ಈ ಅಭ್ಯಾಸ ಮಾಡಬೇಡಿ, ಅದು ನೋವನ್ನು ಕೆದಕಬಹುದು. ಅಂಥವರು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಾತು ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ ‘ನನಗೆ ಚಪ್ಪಲಿ ಕಳೆದುಹೋದ ಕನಸು ಬೀಳುತ್ತದೆ’ ಎಂದೇ ಶುರುಮಾಡಿ, ಎಷ್ಟು ದಿನದಿಂದ ಬೀಳುತ್ತಿದೆ, ಎದ್ದ ಮೇಲೆ ಮತ್ತೆ ನಿದ್ದೆ ಬರುತ್ತದೆಯೇ ಎಂಬ ಎರಡು ವಿಷಯಗಳನ್ನೂ ಸೇರಿಸಿ ಹೇಳಿ.